ಒಂದು ಕಿಲೋ ಬೇಳೆಯ ಲೆಕ್ಕ

ಮಾರ್ಚ್ ಬಂತೆಂದರೆ ಪೆರ್ಲ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ದಾನದ ರಶೀದಿಗಳನ್ನು ಹಿಡಿದು ನನ್ನ ಆಫೀಸಿಗೆ ಬರುತ್ತಾರೆ. ಈ ಸಲ ಇಪ್ಪತ್ತು ಸಾವಿರ ಹೋದದ್ದು ಅವರು ಕಣ್ಣಾರೆ ಕಾಣದ ಒಂದು ದೂರದ ಸಂಸ್ಥೆಗೆ. "ಆಫೀಸು ಖರ್ಚು ನೂರಕ್ಕೆ ಐದೇ ಅಂತೆ. ಒಳ್ಳೆಯದಲ್ವಾ?" ಎಂದರು. ಆಡಿಟರನಾಗಿ ಆ ಐದನ್ನು ನಾನು ತಾಳೆ ನೋಡಬಲ್ಲೆ. ಮಕ್ಕಳಿಗೆ ಏನಾಯಿತು ಎಂಬುದು ಅದರಲ್ಲಿ ಇರುವುದಿಲ್ಲ.

ಅವರಿಗೆ ಉದಯಪುರದ ಕಥೆ ಹೇಳಿದೆ. ಅಲ್ಲಿ ಸೇವಾ ಮಂದಿರ ಸಂಸ್ಥೆಯ ಜೊತೆ ಸೇರಿ ಸಂಶೋಧಕರು 134 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದರಲ್ಲಿ ತಪ್ಪದೆ ನಡೆಯುವ ಲಸಿಕೆ ಶಿಬಿರ. ಇನ್ನೊಂದರಲ್ಲಿ ಶಿಬಿರದ ಜೊತೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ, ಎಲ್ಲ ಮುಗಿದರೆ ಊಟದ ತಟ್ಟೆಗಳು. ಮೂರನೆಯದರಲ್ಲಿ ಹೊಸದಾಗಿ ಏನೂ ಇಲ್ಲ. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಪೂರ್ತಿ ಲಸಿಕೆ ಪಡೆದ ಮಕ್ಕಳು ಶಿಬಿರ ಮಾತ್ರ ಇದ್ದಲ್ಲಿ ನೂರಕ್ಕೆ 18, ಬೇಳೆಯೂ ಇದ್ದಲ್ಲಿ 39, ಏನೂ ಇಲ್ಲದಲ್ಲಿ 6.

ಬೇಳೆ ಹಂಚಿದರೆ ಖರ್ಚು ಏರಬೇಕಲ್ಲ? ಶಿಬಿರ ಮಾತ್ರ ಇದ್ದಲ್ಲಿ ಪೂರ್ತಿ ಲಸಿಕೆ ಪಡೆದ ಒಂದು ಮಗುವಿಗೆ ಸುಮಾರು 2,200 ರೂಪಾಯಿ ಬಿದ್ದರೆ, ಬೇಳೆಯೂ ಇದ್ದಲ್ಲಿ ಅದು 1,100ಕ್ಕೆ ಇಳಿಯಿತು. ನರ್ಸ್ ಬಂದು ಕೂತ ಮೇಲೆ ಮೂರು ಮಕ್ಕಳು ಬಂದರೂ ಹತ್ತು ಬಂದರೂ ಆ ದಿನದ ಸಂಬಳ ಒಂದೇ. ಆಫೀಸು ಖರ್ಚಿನ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಇನ್ನೊಂದು ಮಾತು: ಆ 39ರಲ್ಲಿ 6 ಹೇಗೂ ಆಗುತ್ತಿತ್ತು. ಮೂರನೆಯ ಗುಂಪು ಇಲ್ಲದಿದ್ದರೆ ಸಂಸ್ಥೆ ಅದನ್ನೂ ತನ್ನ ಖಾತೆಗೇ ಬರೆದುಕೊಳ್ಳುತ್ತಿತ್ತು. ಹಾಗೆಂದು ಅದೇ ಬೇಳೆಯನ್ನು ನಮ್ಮ ಕಾಸರಗೋಡಿನಲ್ಲಿ ಹಂಚಿದರೆ ಆ ಫಲ ಸಿಗದು. ಇಲ್ಲಿ ಹೆಚ್ಚಿನ ಮಕ್ಕಳಿಗೆ ಲಸಿಕೆ ಈಗಾಗಲೇ ಆಗುತ್ತಿದೆ.

ಮಾಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಸ್ವರ್ಗ ಊರಿನ ಆ ಹುಡುಗಿಗೆ ಕೊಡುವುದು ತಪ್ಪಾ ಸಾರ್?" ಎಂದರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರಿನ ಮಗು. ಹಾಸಿಗೆಯಿಂದ ಏಳಲಾರಳು. ಅವಳ ಔಷಧಿಗೆ ತಿಂಗಳು ತಿಂಗಳು ದುಡ್ಡು ತಲುಪಿಸುವವರು ಇವರೇ. ಅದೇ ದುಡ್ಡಿಗೆ ದೂರದಲ್ಲಿ ಹೆಚ್ಚು ಮಕ್ಕಳಿಗೆ ಉಪಕಾರವಾದೀತು ಎಂದು ಗುಣಿಸಿ ತೋರಿಸಬಹುದು. ನಾನು ತೋರಿಸಲಿಲ್ಲ. ಇವರು ಹೋದರೆ ಅವಳು ಕಾಲಿನ ಸಪ್ಪಳಕ್ಕೇ ಬಾಗಿಲ ಕಡೆ ತಿರುಗುತ್ತಾಳೆ. ಅದು ನೆರೆಕರೆಯ ಋಣ, ದಾನದ ಲೆಕ್ಕಕ್ಕೆ ಸೇರುವಂಥದ್ದಲ್ಲ.

ಆದರೆ ಆ ಇಪ್ಪತ್ತು ಸಾವಿರದಲ್ಲಿ ಅಂಥ ಋಣ ಇರಲಿಲ್ಲ. ಚಂದದ ಫೋಟೋ ನೋಡಿ ಕಳಿಸಿದ್ದು. ಪ್ರೀತಿಯ ಹೆಸರಲ್ಲಿ ಅದಕ್ಕೆ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಆ ಫೋಟೋದ ಆಚೆಗೂ ಯಾರದೋ ಮಕ್ಕಳಿದ್ದಾರೆ.

ನನ್ನ ಮೇಜಿನಲ್ಲೇ ಕೂತು ಮಾಷ್ಟ್ರು ಆ ಸಂಸ್ಥೆಗೆ ಕಾಗದ ಬರೆದರು: "ನೀವು ಕೆಲಸ ಮಾಡದ ಪಕ್ಕದ ಹಳ್ಳಿಗಳಲ್ಲಿ ಏನಾಗಿದೆ, ನೋಡಿದ್ದೀರಾ?"