ಎಷ್ಟು ಬಿಳಿ ಕಂಡರೆ ಉರಿಯೂತ? ಸೇಕ್ರೋಇಲಿಯಾಕ್ ಎಂಆರ್‌ಐ ಅಳತೆಗೋಲು ಬದಲಾದ ಬಗೆ

ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ. ಅರ್ಧ ಗಂಟೆಗೂ ಹೆಚ್ಚು ಓಡಾಡಿದ ಮೇಲೆ ಸಡಿಲವಾಗುತ್ತದೆ, ಸುಮ್ಮನೆ ಕುಳಿತರೆ ಮತ್ತೆ ಬಿಗಿಯುತ್ತದೆ. ಇಪ್ಪತ್ತು-ಮೂವತ್ತರ ವಯಸ್ಸಿನವರಲ್ಲಿ ಇದು ಮೂರು ತಿಂಗಳು ದಾಟಿದರೆ ವೈದ್ಯರಿಗೆ ಬೆನ್ನುಮೂಳೆ ಮತ್ತು ಕೀಲುಗಳ ಉರಿಯೂತದ ರೋಗವಾದ ಸ್ಪಾಂಡಿಲೋಆರ್ಥ್ರೈಟಿಸ್‌ನ ಅನುಮಾನ ಬರುತ್ತದೆ. ಆಗ ನೋಡಬೇಕಾದದ್ದು ಬೆನ್ನುಮೂಳೆಯ ಬುಡದ ಸೇಕ್ರಂ ಎರಡೂ ಬದಿಯ ಇಲಿಯಂ ಮೂಳೆಗೆ ಸೇರುವ ಸೇಕ್ರೋಇಲಿಯಾಕ್ ಕೀಲುಗಳನ್ನು.

1984ರ ನ್ಯೂಯಾರ್ಕ್ ಮಾನದಂಡದ ಪ್ರಕಾರ ಈ ಕೀಲುಗಳ ಹಾನಿ ಎಕ್ಸ್‌ರೇಯಲ್ಲಿ ಕಾಣಲೇಬೇಕಿತ್ತು. ಆದರೆ ಎಕ್ಸ್‌ರೇಗೆ ಕಾಣುವುದು ಮೂಳೆ ಕೊರೆದುಹೋದ ಮೇಲಿನ ಗುರುತು. ಅಷ್ಟಾಗಲು ವರ್ಷಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ನೋವಿಗೆ ಹೆಸರಿಲ್ಲ. ಎಂಆರ್‌ಐನ ಸ್ಟಿರ್ ಚಿತ್ರ ಈ ಕಾಯುವಿಕೆಯನ್ನು ಕಡಿಮೆ ಮಾಡಿತು. ಅದು ಕೊಬ್ಬಿನ ಹೊಳಪನ್ನು ಅಡಗಿಸುವುದರಿಂದ, ಉರಿಯೂತದಿಂದ ಮೂಳೆಯ ಮಜ್ಜೆಯಲ್ಲಿ ತುಂಬಿದ ನೀರು ಬೆಳ್ಳಗೆ ಎದ್ದು ಕಾಣುತ್ತದೆ.

2009ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪಾದ ಎಎಸ್‌ಎಎಸ್ ಇದಕ್ಕೊಂದು ಅಳತೆ ಕೊಟ್ಟಿತು. ಕೀಲಿನ ಅಂಚಿನ ಮಜ್ಜೆಯಲ್ಲಿ ಒಂದೇ ಬಿಳಿ ಮಚ್ಚೆಯಿದ್ದರೆ ಅದು ಸತತ ಎರಡು ಸ್ಲೈಸ್‌ಗಳಲ್ಲಿ, ಅಂದರೆ ಕೀಲನ್ನು ಪದರಪದರವಾಗಿ ತೋರಿಸುವ ಚಿತ್ರಗಳಲ್ಲಿ, ಕಾಣಬೇಕು, ಇಲ್ಲವೇ ಒಂದೇ ಸ್ಲೈಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಮಚ್ಚೆ ಇರಬೇಕು. ಎಡವಟ್ಟಾದದ್ದು ಇಲ್ಲೇ. ಅಧ್ಯಯನಕ್ಕೆ ರೋಗಿಗಳನ್ನು ಗುಂಪು ಮಾಡಲೆಂದು ಬರೆದ ಅಳತೆ, ರೋಗ ಪತ್ತೆಗೇ ಬಳಕೆಯಾಗತೊಡಗಿತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 47 ಆರೋಗ್ಯವಂತರ ಪೈಕಿ 11 ಜನರ ಚಿತ್ರ ಈ ಅಳತೆಗೆ ‘ಪಾಸಿಟಿವ್’ ಆಗಿತ್ತು. ಹೆರಿಗೆಯ ನಂತರ ಬೆನ್ನುನೋವಿದ್ದ 7 ಮಹಿಳೆಯರಲ್ಲಿ 4 ಜನರದ್ದೂ ಹಾಗೇ. ಓಟಗಾರರ ಮೇಲಿನ ಅಧ್ಯಯನಗಳಲ್ಲೂ ಮಚ್ಚೆ ಸಿಕ್ಕಿತು, ಹೆಚ್ಚಾಗಿ ಇಲಿಯಂನ ಹಿಂಬದಿಯ ಕೆಳಭಾಗದಲ್ಲಿ. ಭಾರ ಬಿದ್ದು ಕೀಲು ದಣಿದರೂ ಮಜ್ಜೆಯಲ್ಲಿ ನೀರು ತುಂಬುತ್ತದೆ. ಅದು ರೋಗದ್ದೋ ದಣಿವಿನದ್ದೋ ಎಂದು ಸ್ಟಿರ್ ಹೇಳಲಾರದು.

ಹೀಗಾಗಿ 2021ರಲ್ಲಿ ಅದೇ ಗುಂಪು ಬಿಗಿಯಾದ ಎಣಿಕೆಯನ್ನು ಮುಂದಿಟ್ಟಿತು. ಪ್ರತಿ ಸ್ಲೈಸ್‌ನಲ್ಲೂ ಒಂದೊಂದು ಕೀಲನ್ನು ನಾಲ್ಕು ಕಾಲುಭಾಗ ಮಾಡುತ್ತಾರೆ: ಇಲಿಯಂ ಕಡೆ ಮೇಲೆ-ಕೆಳಗೆ, ಸೇಕ್ರಂ ಕಡೆ ಮೇಲೆ-ಕೆಳಗೆ. ಎಲ್ಲ ಸ್ಲೈಸ್ ಸೇರಿ ಕನಿಷ್ಠ ನಾಲ್ಕು ಕಾಲುಭಾಗಗಳಲ್ಲಿ ಬಿಳಿ ಇರಬೇಕು, ಅಥವಾ ಒಂದೇ ಜಾಗದಲ್ಲಿ ಸತತ ಮೂರು ಸ್ಲೈಸ್‌ವರೆಗೆ ಮುಂದುವರಿಯಬೇಕು.

ಫುಟ್‌ಬಾಲ್ ಆಡುವ 26ರ ಯುವಕನೊಬ್ಬನ ಬಲ ಇಲಿಯಂನ ಕೆಳಭಾಗದಲ್ಲಿ ಒಂದೇ ಮಚ್ಚೆ, ಎರಡು ಸ್ಲೈಸ್‌ಗಳಲ್ಲಿ ಕಂಡಿದೆ ಎನ್ನಿ. 2009ರ ಲೆಕ್ಕಕ್ಕೆ ಅವನು ಪಾಸಿಟಿವ್. 2021ರ ಲೆಕ್ಕಕ್ಕೆ ಬರೀ ಎರಡು ಕಾಲುಭಾಗ, ಸಾಲದು. ಈಗ ಮೂಳೆಯ ಆಕಾರವನ್ನು ಸ್ಪಷ್ಟವಾಗಿ ತೋರಿಸುವ ಟಿ1 ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರ ತೆರೆಯಬೇಕು. ಮೂಳೆಯ ಕಪ್ಪು ಅಂಚುಗೆರೆ ಅಖಂಡವಾಗಿದ್ದರೆ ಆಟದ ಹೊರೆಯೇ ಕಾರಣವಿರಬಹುದು. ಆ ಗೆರೆ ಸತತ ಎರಡು ಸ್ಲೈಸ್‌ಗಳಲ್ಲಿ ಒಂದೇ ಕಡೆ ಇಲಿ ಕಡಿದಂತೆ ತುಂಡಾಗಿದ್ದರೆ ಮಾತೇ ಬೇರೆ, ಏಕೆಂದರೆ ಅಂಥ ಕೊರೆತ ಆರೋಗ್ಯವಂತ ಯುವಕರಲ್ಲಿ ಅಪರೂಪ. ಸ್ಟಿರ್ ಒಂದನ್ನೇ ನೋಡಿ ಬರೆದ ವರದಿಯನ್ನು ನಂಬಲಾಗದು ಎನ್ನುವುದು ಇದಕ್ಕೇ.

ಇನ್ನೂ ಸಾಮಾನ್ಯವಾದ ತಪ್ಪು ಸ್ಕ್ಯಾನ್‌ಗೆ ಬರೆದುಕೊಡುವ ಚೀಟಿಯಲ್ಲೇ ಆಗುತ್ತದೆ. ‘ಬೆನ್ನಿನ ಎಂಆರ್‌ಐ’ ಎಂದಷ್ಟೇ ಬರೆದರೆ ಡಿಸ್ಕ್‌ಗಳ ಚಿತ್ರ ಬರುತ್ತದೆ; ಈ ಕೀಲುಗಳು ಅದರಲ್ಲಿ ಸರಿಯಾಗಿ ಸಿಗುವುದೇ ಇಲ್ಲ, ವರದಿ ಮಾತ್ರ ‘ನಾರ್ಮಲ್’. ಸೇಕ್ರೋಇಲಿಯಾಕ್ ಕೀಲು ಎಂದೇ ಬರೆಯಬೇಕು. ಸೇಕ್ರಂನ ಉದ್ದಕ್ಕೆ ಸಮಾನಾಂತರವಾದ ಓರೆಯಲ್ಲಿ, 4 ಮಿಲಿಮೀಟರ್ ಮೀರದ ಸ್ಲೈಸ್‌ಗಳಲ್ಲಿ, ಸ್ಟಿರ್ ಮತ್ತು ಟಿ1 ಎರಡನ್ನೂ ತೆಗೆಸಬೇಕು. ಕಾಂಟ್ರಾಸ್ಟ್ ಚುಚ್ಚುಮದ್ದು ಸಾಮಾನ್ಯವಾಗಿ ಬೇಕಾಗುವುದಿಲ್ಲ.