ಪ್ಯಾಕಿಂಗ್ ಲಿಸ್ಟ್‌ನಲ್ಲಿ ಬೆಲೆಯೇ ಇಲ್ಲ, ಆದರೂ ಇನ್‌ವಾಯ್ಸ್‌ಗೆ ತಾಳೆಯಾಗಬೇಕೇ?

ಪ್ರಶ್ನೆ: ಕಾಫಿ ರಫ್ತು ಈಗಷ್ಟೇ ಶುರುಮಾಡಿದ್ದೇವೆ. ಸುಂಕದ ಲೆಕ್ಕ, ಹಣದ ಲೆಕ್ಕ ಎಲ್ಲ ಇನ್‌ವಾಯ್ಸ್ ಮೇಲೆ ನಡೆಯುತ್ತದೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ನಾಲ್ಕು ಚೀಲ ಹೆಚ್ಚುಕಡಿಮೆಯಾದರೆ ಬಂದರಿನಲ್ಲಿ ಯಾಕೆ ತಡೆಯುತ್ತಾರೆ?

ಉತ್ತರ: ಕಸ್ಟಮ್ಸ್ ಅಧಿಕಾರಿಗೆ ಕಂಟೇನರ್ ಒಳಗಿರುವುದು ಕಾಣುವುದಿಲ್ಲ. ಎಷ್ಟು ಮೌಲ್ಯದ ಸರಕು ಎಂದು ಇನ್‌ವಾಯ್ಸ್ ಹೇಳುತ್ತದೆ, ಅದು ಎಷ್ಟು ಚೀಲಗಳಲ್ಲಿ, ಯಾವ ಗುರುತಿನಲ್ಲಿ, ಎಷ್ಟು ತೂಕದಲ್ಲಿ ಇದೆ ಎಂದು ಪ್ಯಾಕಿಂಗ್ ಲಿಸ್ಟ್ ಹೇಳುತ್ತದೆ. ಬಾಗಿಲು ತೆಗೆಸಿ ಪರೀಕ್ಷೆ ಮಾಡುವಾಗ ಕೈಯಲ್ಲಿರುವುದು ಎರಡನೆಯದು. ಎರಡರ ಲೆಕ್ಕ ಬೇರೆಯಾದರೆ ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್‌ನಲ್ಲಿ ಘೋಷಿಸಿದ ಮೌಲ್ಯಕ್ಕೇ ಆಧಾರ ತಪ್ಪುತ್ತದೆ.

ನಿಮ್ಮ ನಾಲ್ಕು ಚೀಲವನ್ನೇ ನೋಡೋಣ. 60 ಕೆ.ಜಿ.ಯ 320 ಚೀಲಕ್ಕೆ ಇನ್‌ವಾಯ್ಸ್ ಆಗಿದೆ, ನಿವ್ವಳ ತೂಕ 19,200 ಕೆ.ಜಿ. ಅದರ ಮೇಲೆಯೇ ಶಿಪ್ಪಿಂಗ್ ಬಿಲ್ ಹಾಕಿದ್ದಾರೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಟೇನರ್ ತುಂಬುವಾಗ ನಾಲ್ಕು ಚೀಲ ಒದ್ದೆಯಾಗಿದ್ದು ಕಂಡು ಪಕ್ಕಕ್ಕಿಟ್ಟರು. ಗೋದಾಮಿನವರು ಪ್ಯಾಕಿಂಗ್ ಲಿಸ್ಟ್ ತಿದ್ದಿದರು: 316 ಚೀಲ, 18,960 ಕೆ.ಜಿ. ಇನ್‌ವಾಯ್ಸ್ ಮಾಡಿದ ಆಫೀಸಿಗೆ ಯಾರೂ ಹೇಳಲಿಲ್ಲ. ಟನ್ನಿಗೆ 4,000 ಡಾಲರ್ ಅಂದುಕೊಂಡರೆ, ಹೋಗದ 240 ಕೆ.ಜಿ.ಗೆ 960 ಡಾಲರ್ ಬಿಲ್ ಆಯಿತು. ಪಣಂಬೂರು ಬಂದರಿನಲ್ಲಿ ಇದು ಕಣ್ಣಿಗೆ ಬಿದ್ದರೆ, ತಿದ್ದುಪಡಿ ಆಗುವವರೆಗೆ ಸರಕು ಹಡಗೇರಲು ಕಸ್ಟಮ್ಸ್ ಕೊಡುವ ಅನುಮತಿಯಾದ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ ಸಿಗುವುದಿಲ್ಲ. ಅಷ್ಟರಲ್ಲಿ ಹಡಗಿನ ಕಟ್-ಆಫ್ ದಾಟಿದರೆ ಮುಂದಿನ ಹಡಗೇ ಗತಿ, ಕಾದಷ್ಟು ದಿನದ ಬಾಡಿಗೆಯೂ ನಿಮ್ಮದೇ.

ಇನ್ನೊಂದು ಪದೇಪದೇ ಆಗುವ ತಪ್ಪು ನಿವ್ವಳ ಮತ್ತು ಒಟ್ಟು ತೂಕ ಅದಲುಬದಲಾಗುವುದು. ಖಾಲಿ ಗೋಣಿಚೀಲ 700 ಗ್ರಾಂ ಇದ್ದರೆ 320 ಚೀಲದ ಒಟ್ಟು ತೂಕ 19,424 ಕೆ.ಜಿ. ಆ ಅಂಕಿ ಇನ್‌ವಾಯ್ಸ್‌ನ ಪ್ರಮಾಣದ ಕಾಲಂಗೆ ಬಂದರೆ, ಗೋಣಿಗೂ ಕಾಫಿಯ ಬೆಲೆ ಹಾಕಿದಂತೆ. ಲಾಟ್ ಗುರುತು, ಗ್ರೇಡ್ ಬೇರೆಬೇರೆ ಬರೆಯುವುದೂ ಇದೇ ಸಾಲಿಗೆ ಸೇರುತ್ತದೆ. ಒಂದರಲ್ಲಿ ‘ರೋಬಸ್ಟಾ ಚೆರಿ ಎಬಿ’, ಇನ್ನೊಂದರಲ್ಲಿ ‘ರೋಬಸ್ಟಾ ಪಾರ್ಚ್‌ಮೆಂಟ್ ಎಬಿ’ ಎಂದಿದ್ದರೆ ಅವು ಎರಡು ಬೇರೆ ಸರಕು, ಬೆಲೆಯೂ ಬೇರೆ.

ದಾಖಲೆ ನೋಡಿ ಬ್ಯಾಂಕೇ ಹಣ ಕೊಡುವ ಎಲ್‌ಸಿ ವ್ಯವಹಾರವಾದರೆ ಬಂದರು ದಾಟಿದ ಮೇಲೂ ಬಿಡುಗಡೆಯಿಲ್ಲ. ಎಲ್‌ಸಿಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ 14ನೇ ವಿಧಿಯಂತೆ ದಾಖಲೆಗಳ ವಿವರ ಪದಶಃ ಒಂದೇ ಇರಬೇಕಿಲ್ಲ, ಆದರೆ ಒಂದಕ್ಕೊಂದು ವಿರುದ್ಧವಾಗಿರಬಾರದು. 316 ಮತ್ತು 320 ವಿರುದ್ಧವೇ, ಬ್ಯಾಂಕ್ ಹಣ ತಡೆಯಬಹುದು.

ಸರಕು ಹೋದಮೇಲೆ ಶಿಪ್ಪಿಂಗ್ ಬಿಲ್ ತಿದ್ದಲು ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ರಫ್ತಿನ ಹೊತ್ತಿಗೇ ಅಸ್ತಿತ್ವದಲ್ಲಿದ್ದ ದಾಖಲೆ ತೋರಿಸಬೇಕು, ಆಮೇಲೆ ಮಾಡಿದ ಕಾಗದ ನಡೆಯುವುದಿಲ್ಲ. ಹಾಗಾಗಿ ಕಂಟೇನರ್ ತುಂಬುವಾಗಿನ ಟ್ಯಾಲಿ ಶೀಟ್‌ಗೆ ಅಲ್ಲೇ ಸಹಿ ಹಾಕಿಸಿ, ಸೀಲ್ ಬೀಳುವ ಮೊದಲೇ ಅದರ ಫೋಟೋ ಆಫೀಸಿಗೂ ಕಸ್ಟಮ್ಸ್ ಏಜೆಂಟರಿಗೂ ಕಳಿಸಿ. ಚೀಲದ ಲೆಕ್ಕ ಬದಲಾಗಿದ್ದರೆ ಲಾರಿ ಘಾಟಿ ಇಳಿಯುವಷ್ಟರಲ್ಲಿ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ ಮೂರನ್ನೂ ಒಟ್ಟಿಗೇ ತಿದ್ದಲು ಹೊರಡಬಹುದು.