ಕಪ್ಪಿಗೊಂದು ಪಾವು, ಪಿಂಚಿಗೊಂದು ಚಿಟಿಕೆ: ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ

ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಮಜ್ಜಿಗೆ, ಅರ್ಧ ಕಪ್ ಎಣ್ಣೆ, ಎರಡು ಮೊಟ್ಟೆ, ಅರ್ಧ ಟೀ ಚಮಚ ಅಡುಗೆ ಸೋಡ, ಒಂದು ಪಿಂಚ್ ಉಪ್ಪು. ಅಮೆರಿಕದ ಸಾದಾ ಕೇಕೊಂದರ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ. ಇದನ್ನು ಕನ್ನಡಕ್ಕೆ ತರುವವರು ಸಾಮಾನ್ಯವಾಗಿ ಕಪ್ಪನ್ನು ‘ಬಟ್ಟಲು’ ಎನ್ನುತ್ತಾರೆ, ಇಲ್ಲವೇ ‘ಲೋಟ’ ಎನ್ನುತ್ತಾರೆ. ಬಟ್ಟಲಿಗೂ ಲೋಟಕ್ಕೂ ಗೊತ್ತಾದ ಗಾತ್ರವಿಲ್ಲ. ಒಂದೇ ಮನೆಯ ಕಪಾಟಿನಲ್ಲಿ 150 ಮಿಲಿಲೀಟರಿನ ಲೋಟವೂ 300ರದ್ದೂ ಅಕ್ಕಪಕ್ಕ ಕೂತಿರುತ್ತವೆ. ಆದರೆ ಅದೇ ಕಪಾಟಿನ ಹಿಂಬದಿಯಲ್ಲಿ, ಅಕ್ಕಿಡಬ್ಬಿಯೊಳಗೆ, ಅಳತೆಗೆಂದೇ ಮಾಡಿದ ಪಾತ್ರೆ ಒಂದಿದೆ. ಅದು ಪಾವು.

ಸೇರಿನ ಲೆಕ್ಕ ಅರ್ಧ ಮಾಡುತ್ತಾ ಹೋಗುವ ಲೆಕ್ಕ. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಪಾವಿನ ಕಾಲು ಚಟಾಕು. ಅಮೆರಿಕದ ಲೆಕ್ಕವೂ ಹೀಗೆಯೇ: ಕ್ವಾರ್ಟಿನ ಅರ್ಧ ಪಿಂಟ್, ಅದರ ಅರ್ಧ ಕಪ್, ಕಪ್ಪಿನ ಕಾಲುಭಾಗ ನಾಲ್ಕು ದೊಡ್ಡ ಚಮಚ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಜಾ ಇದೆ. ಅಮೆರಿಕದ ಕ್ವಾರ್ಟ್ 946 ಮಿಲಿಲೀಟರ್. ಈಗ ಹಲವು ಮನೆಗಳಲ್ಲಿರುವ ಅಳತೆ ಸೇರು ಒಂದು ಲೀಟರಿನ ಆಸುಪಾಸು. ಹಾಗಾಗಿ ಪಿಂಟಿಗೆ ಅಚ್ಚೇರು, ಕಪ್ಪಿಗೆ ಪಾವು, ಕಾಲು ಕಪ್ಪಿಗೆ ಚಟಾಕು ಮೆಟ್ಟಿಲಿಗೆ ಮೆಟ್ಟಿಲು ಹೊಂದುತ್ತವೆ. ಅಮೆರಿಕದ ಕಪ್ 237 ಮಿಲಿಲೀಟರ್, ಲೀಟರಿನ ಸೇರಿನ ಪಾವು 250. ಅಂದರೆ ತುಂಬಿದ ಪಾವಿನಿಂದ ಒಂದು ದೊಡ್ಡ ಚಮಚದಷ್ಟು ತೆಗೆದರೆ ಸರಿಯಾಗಿ ಅಮೆರಿಕದ ಕಪ್. ಆಸ್ಟ್ರೇಲಿಯಾದ ಪುಸ್ತಕವಾದರೆ ಅದನ್ನೂ ತೆಗೆಯಬೇಕಿಲ್ಲ, ಅಲ್ಲಿನ ಕಪ್ಪೇ 250.

ಇಲ್ಲೊಂದು ತೊಡಕಿದೆ. ಸೇರು ಎಂಬ ಹೆಸರು ತೂಕಕ್ಕೂ ಇತ್ತು, ಅಳತೆಗೂ ಇತ್ತು. 80 ತೊಲದ ತೂಕದ ಸೇರು 933 ಗ್ರಾಂ. ಅಳತೆ ಸೇರು ಮಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಅಜ್ಜಿಯ ಕಾಲದ ಹಿತ್ತಾಳೆ ಪಾವು 250 ಮಿಲಿಲೀಟರ್ ಹಿಡಿಯುತ್ತದೆಂದು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಪರೀಕ್ಷೆ ಸುಲಭ: ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಪಾವಿಟ್ಟು ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಮೋ ಅಷ್ಟೇ ಮಿಲಿಲೀಟರ್. ನಮ್ಮ ಬೇಸಿಗೆಯ ನೀರಿನಲ್ಲೂ ಈ ಲೆಕ್ಕ ಶೇಕಡಾ ಒಂದರಷ್ಟೂ ತಪ್ಪುವುದಿಲ್ಲ. ನಿಮ್ಮ ಪಾವು 220 ಎಂದು ತೋರಿಸಿದರೆ ಒಂದು ಕಪ್ಪಿಗೆ ಒಂದು ಪಾವು ಮತ್ತು ಮೇಲೊಂದು ದೊಡ್ಡ ಚಮಚ ಎಂದು ಪಾವಿನ ತಳಕ್ಕೆ ಚೀಟಿ ಅಂಟಿಸಿಬಿಡಿ.

ಇಷ್ಟು ಸೂಕ್ಷ್ಮ ಎಲ್ಲ ಅಡುಗೆಗೂ ಬೇಕೇ? ಬೇಡ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಎನ್ನುವಲ್ಲಿ ಪಾವು ಎಷ್ಟೇ ದೊಡ್ಡದಿರಲಿ, ಅನುಪಾತ ಕೆಡುವುದಿಲ್ಲ. ಅನ್ನ ಸ್ವಲ್ಪ ಹೆಚ್ಚೋ ಕಡಿಮೆಯೋ ಆಗುತ್ತದೆ, ಅಷ್ಟೇ. ಕೇಕಿನ ಪಟ್ಟಿ ಹಾಗಲ್ಲ. ಅದರಲ್ಲಿ ಎರಡು ಮೊಟ್ಟೆ ಇವೆ, ಅವು ಪಾವಿನ ಜೊತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಸೋಡದ ಚಮಚ, ಕೇಕಿನ ಅಚ್ಚು ಕೂಡ ಹಾಗೆಯೇ. ಎಣಿಸುವ ವಸ್ತುವೂ ಅಳೆಯುವ ವಸ್ತುವೂ ಬೆರೆತ ಪಟ್ಟಿಯಲ್ಲಿ ಮಾತ್ರ ಕಪ್ಪಿನ ನಿಜವಾದ ಗಾತ್ರ ಗೊತ್ತಿರಲೇಬೇಕು.

ಆದರೂ 237 ಮತ್ತು 250ರ ನಡುವಿನ ಶೇಕಡಾ 5–6ರ ವ್ಯತ್ಯಾಸಕ್ಕೆ ಕೇಕ್ ಕೆಡುವುದು ಅಪರೂಪ. ಕೆಡಿಸುವುದು ಗೋಪುರ. ನಮ್ಮಲ್ಲಿ ಅಕ್ಕಿ ಅಳೆಯುವಾಗ ಅಂಚಿನ ಮೇಲೆ ರಾಶಿ ನಿಲ್ಲುವಂತೆ ತುಂಬುವುದು ವಾಡಿಕೆ, ಅದು ಕೊಡುವವರ ಧಾರಾಳತನ. ಅಮೆರಿಕದ ಕಪ್ ಅಂಚಿಗೆ ಸವರಿದ ಕಪ್. 1896ರಲ್ಲಿ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ತನ್ನ ಪಾಕಪುಸ್ತಕದಲ್ಲಿ ಸವರಿದ ಅಳತೆಗೆ ಪಟ್ಟು ಹಿಡಿದ ಮೇಲೆ ಅಲ್ಲಿ ಅದು ರೂಢಿಯಾಯಿತು. ರಾಶಿ ಎಷ್ಟು ಸೇರಿಸುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಅಕ್ಕಿಯ ರಾಶಿ ಸುಮಾರು 35 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳೋಣ. ಏಳು ಸೆಂಟಿಮೀಟರ್ ಬಾಯಿಯ 250 ಮಿಲಿಲೀಟರ್ ಪಾವಿನ ಮೇಲೆ ಕೂರುವ ಗೋಪುರ 31 ಮಿಲಿಲೀಟರ್, ಅಂದರೆ ಶೇಕಡಾ 12. ಅಷ್ಟೇ ಹಿಡಿಯುವ, ಆದರೆ ಹತ್ತು ಸೆಂಟಿಮೀಟರ್ ಬಾಯಿಯ ಅಗಲ ಬಟ್ಟಲಿನ ಮೇಲೆ 90 ದಾಟುತ್ತದೆ, ಶೇಕಡಾ 36! ಪಾವನ್ನು ಕಿರಿದಾದ ಕೊಳವೆಯ ಹಾಗೆ ಮಾಡಿದ್ದು ಸುಮ್ಮನಲ್ಲ; ಬಾಯಿ ಚಿಕ್ಕದಾದಷ್ಟೂ ರಾಶಿಯ ತಪ್ಪು ಚಿಕ್ಕದು.

ಮೈದಾಕ್ಕೆ ಇನ್ನೊಂದು ಕಾಟ ಇದೆ, ಅದು ಒತ್ತಿದರೆ ಅಡಕವಾಗುತ್ತದೆ. ಹಗುರಾಗಿ ಉದುರಿಸಿದ ಕಪ್ ಮೈದಾ ಸುಮಾರು 125 ಗ್ರಾಂ. ಡಬ್ಬಿಗೆ ಕಪ್ಪನ್ನೇ ಅದ್ದಿ ಬಾಚಿದರೆ ಅದೇ ಕಪ್ಪಿನಲ್ಲಿ 145–150 ಗ್ರಾಂ. ಈಗ ಮೊದಲಿನ ಕೇಕಿಗೆ ಬನ್ನಿ. ಅದಕ್ಕೆ ಬೇಕಾದ ಎರಡು ಕಪ್ ಎಂದರೆ 250 ಗ್ರಾಂ. ನೀವು 250 ಮಿಲಿಲೀಟರಿನ ಪಾವನ್ನು ಡಬ್ಬಿಗೆ ಅದ್ದಿ ಬಾಚಿದಿರಿ, ಒಂದು ಪಾವಿಗೆ 155 ಗ್ರಾಂ. ಮೇಲೆ ಗೋಪುರ ಉಳಿಸಿದಿರಿ, 174 ಆಯಿತು. ಎರಡು ಪಾವಿಗೆ ಸುಮಾರು 350 ಗ್ರಾಂ, ನೂರು ಗ್ರಾಂ ಹೆಚ್ಚುವರಿ ಹಿಟ್ಟು. ಮಜ್ಜಿಗೆ, ಎಣ್ಣೆಗೆ ಗೋಪುರ ನಿಲ್ಲುವುದಿಲ್ಲವಲ್ಲ, ಅವು ಇದ್ದಷ್ಟೇ ಇರುತ್ತವೆ. ಕಲಸಿದಾಗ ಹಿಟ್ಟು ಇಡ್ಲಿಹಿಟ್ಟಿನಂತೆ ಸುರಿಯದೆ ಉಂಡೆಯಾಗಿ ಬೀಳುತ್ತದೆ, ಕೇಕಿನ ನೆತ್ತಿ ಬಿರುಕು ಬಿಟ್ಟು ಒಳಗೆ ಪುಡಿಪುಡಿಯಾಗುತ್ತದೆ. ಓವನ್ನಿನ ಮೇಲೆ ತಪ್ಪು ಹೊರಿಸುವ ಮೊದಲು ಪಾವಿನ ಮೇಲೊಮ್ಮೆ ಅನುಮಾನಪಡಿ. ಮಾಡಬೇಕಾದ್ದು ಇಷ್ಟೇ: ಡಬ್ಬಿಯ ಹಿಟ್ಟನ್ನು ಕೆದಕಿ ಸಡಿಲಿಸಿ, ಚಮಚದಿಂದ ಪಾವಿಗೆ ಉದುರಿಸಿ, ಕುಟ್ಟದೆ, ತಟ್ಟದೆ, ಚಾಕುವಿನ ಬೆನ್ನಿನಿಂದ ಅಂಚಿಗೆ ಸವರಿ.

ಪಿಂಚ್ ಎಂದರೆ ಚಿಟಿಕೆ, ಪದವೂ ಹೊಂದುತ್ತದೆ, ಬೆರಳೂ ಹೊಂದುತ್ತದೆ. ಅಮೆರಿಕದಲ್ಲಿ ‘ಪಿಂಚ್’ ಎಂದು ಬರೆದು ಮಾರುವ ಪುಟಾಣಿ ಅಳತೆ ಚಮಚ ಸಾಮಾನ್ಯವಾಗಿ ಟೀ ಚಮಚದ ಹದಿನಾರನೇ ಒಂದು ಭಾಗ, ಪುಡಿಯುಪ್ಪಾದರೆ ಒಂದು ಗ್ರಾಮಿನ ಮೂರನೇ ಒಂದಕ್ಕಿಂತ ತುಸು ಹೆಚ್ಚು. ನಿಮ್ಮ ಚಿಟಿಕೆ ಎಷ್ಟು? ಒಂದು ಗ್ರಾಂಗಿಂತ ಕೆಳಗೆ ಮನೆಯ ತಕ್ಕಡಿ ಓದುವುದಿಲ್ಲ. ಹಾಗಾಗಿ ಇಪ್ಪತ್ತು ಚಿಟಿಕೆ ಹಾಕಿ ತೂಗಿ, ಇಪ್ಪತ್ತರಿಂದ ಭಾಗಿಸಿ. ಹೆಬ್ಬೆರಳು, ತೋರುಬೆರಳಿನ ಚಿಟಿಕೆಗೂ ನಡುಬೆರಳು ಸೇರಿದ ಚಿಟಿಕೆಗೂ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಉಪ್ಪಿನಲ್ಲಿ ಈ ವ್ಯತ್ಯಾಸ ನಾಲಗೆಗೆ ಅಷ್ಟಾಗಿ ಗೊತ್ತಾಗದು. ಸೋಡದಲ್ಲಿ ಗೊತ್ತಾಗುತ್ತದೆ. ನಮ್ಮ ಬಾಯಲ್ಲಿ ಸೋಡ ಅಂದರೆ ‘ಒಂದು ಚಿಟಿಕೆ’ ಎಂದೇ ಬರುತ್ತದೆ. ಕೇಕಿನ ಅರ್ಧ ಟೀ ಚಮಚ ಎಂಟು ಪಿಂಚುಗಳಷ್ಟು. ಅದರ ಬದಲು ಒಂದೇ ಚಿಟಿಕೆ ಹಾಕಿದರೆ ಕೇಕ್ ಏಳುವುದಿಲ್ಲ. ತಿರುಗುಮುರುಗಾಗಿ, ತಿಂಡಿಯ ಸ್ಟೀಲ್ ಚಮಚದಲ್ಲಿ ರಾಶಿ ಏರಿಸಿ ಹಾಕಿದರೆ ಒಂದು ಕಪ್ ಮಜ್ಜಿಗೆಯ ಹುಳಿ ಅಷ್ಟು ಸೋಡವನ್ನು ತೀರಿಸಲಾರದು. ಉಳಿದದ್ದು ಓವನ್ನಿನ ಕಾವಿಗೆ ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ವಾಷಿಂಗ್ ಸೋಡ. ಕೇಕ್ ಅಗತ್ಯಕ್ಕಿಂತ ಕಂದಾಗಿ, ತುಂಡು ಬಾಯಿಗಿಟ್ಟರೆ ಸಾಬೂನಿನ ರುಚಿ ಬಂದರೆ ಕಾರಣ ಇದೇ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಲೆಕ್ಕ ಉಲ್ಟಾ ಬೀಳುತ್ತದೆ. ಅಮ್ಮ ಫೋನಿನಲ್ಲಿ ‘ಎರಡು ಪಾವು ಅಕ್ಕಿ ಹಾಕು’ ಎನ್ನುತ್ತಾರೆ, ಕೈಯಲ್ಲಿರುವುದು ರೈಸ್ ಕುಕ್ಕರಿನ ಜೊತೆ ಬಂದ ಕಪ್. ಅದು ಅಮೆರಿಕದ ಕಪ್ಪೂ ಅಲ್ಲ, ಜಪಾನಿನ ‘ಗೋ’ ಅಳತೆಯದು, 180 ಮಿಲಿಲೀಟರ್. ಎರಡು ಪಾವಿಗೆ ಆ ಕಪ್ಪಿನಲ್ಲಿ ಎರಡು ತುಂಬು, ಒಂದು ಮುಕ್ಕಾಲಿಗಿಂತ ತುಸು ಹೆಚ್ಚು.